ಘಮಕ್ಕೆ ದುಡ್ಡು ಕೊಡುತ್ತೇವೆ, ಕೊಳೆ ಬಟ್ಟೆಯಲ್ಲೇ ಇರುತ್ತದೆ

ಕಾರ್ತಿಕದ ಜಡಿ ಮಳೆ ಹಿಡಿಯಿತೆಂದರೆ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬಟ್ಟೆಯೆಲ್ಲ ನಡುಮನೆಯ ಹಗ್ಗಕ್ಕೆ ಬರುತ್ತದೆ. ಕೋಲಾರದ ನರಸಾಪುರಕ್ಕೋ ಮಾಲೂರಿಗೋ ಫ್ಯಾಕ್ಟರಿ ಕೆಲಸಕ್ಕೆ ಬಂದು ಬಾಡಿಗೆ ರೂಮಿನಲ್ಲಿರುವ ಹೆಣ್ಣುಮಕ್ಕಳಿಗೆ ಮಳೆಗಾಲವೇ ಬೇಕಿಲ್ಲ. ಶಿಫ್ಟ್ ಮುಗಿಸಿ ರಾತ್ರಿ ಒಗೆದ ಯೂನಿಫಾರ್ಮ್ ಮುಚ್ಚಿದ ಬಾಗಿಲ ಹಿಂದೆಯೇ ಒಣಗಬೇಕು. ಬೆಳಿಗ್ಗೆ ಒಣಗಿರುತ್ತದೆ, ಆದರೆ ಹುಳಿ ವಾಸನೆ. ಅಂಗಡಿಗೆ ಹೋದರೆ ಕೈಗೆ ಬರುವುದು ಸಾಫ್ಟ್‌ನರ್ ಸ್ಯಾಶೆ. ನಮ್ಮ ತಕರಾರು ಇರುವುದು ಇಲ್ಲೇ. ಆ ಸ್ಯಾಶೆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ.

ಬರೀ ತೇವಕ್ಕೆ ಆ ಹುಳಿ ವಾಸನೆ ಬರುವುದಿಲ್ಲ. ಒಗೆದ ಮೇಲೂ ಕಂಕುಳು, ಕಾಲರ್, ಹೊಲಿಗೆಯ ಸಂದಿಯಲ್ಲಿ ಮೈಯ ಜಿಡ್ಡು ಸ್ವಲ್ಪ ಉಳಿಯುತ್ತದೆ. ಬಟ್ಟೆ ಹಸಿಯಾಗಿರುವಷ್ಟು ಹೊತ್ತು ಬ್ಯಾಕ್ಟೀರಿಯಾ ಆ ಜಿಡ್ಡನ್ನು ತಿಂದು ಬೆಳೆದು, ನಾರುವ ಆಮ್ಲ ಬಿಡುತ್ತವೆ. 2012ರಲ್ಲಿ ಜಪಾನಿನ ಸಂಶೋಧಕರು ಈ ವಾಸನೆಗೆ ಮುಖ್ಯ ಕಾರಣವಾದ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದರ ಹೆಸರು ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್. ಬಟ್ಟೆ ಒಣಗಿದರೂ ಅದು ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಘಮ್ಮೆನ್ನುವ ಶರ್ಟು ಮಧ್ಯಾಹ್ನ ಬೆವರು ತಾಗಿದ ಕೂಡಲೇ ಮತ್ತೆ ನಾರುತ್ತದೆ.

ನಮ್ಮ ಜಿಲ್ಲೆಯ ನೀರೂ ಇದಕ್ಕೆ ಜೊತೆಯಾಗುತ್ತದೆ. ಆಳದ ಕೊಳವೆಬಾವಿಯ ಗಡುಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ನೀರಿನ ಸುಣ್ಣದಂಶದೊಂದಿಗೆ ಸೇರಿ ಬಿಳಿ ಗಷ್ಟಾಗಿ ನೂಲಿಗೆ ಅಂಟುತ್ತದೆ, ಜಿಡ್ಡನ್ನೂ ಹಿಡಿದುಕೊಳ್ಳುತ್ತದೆ. ಇನ್ನಷ್ಟು ಸೋಪು ಉಜ್ಜಿದರೆ ಗಷ್ಟು ಇನ್ನೂ ಹೆಚ್ಚುತ್ತದೆ.

ಇದರ ಮೇಲೆ ಸಾಫ್ಟ್‌ನರ್ ಏನು ಮಾಡುತ್ತದೆ? ಅದನ್ನು ಹಾಕುವುದೇ ಕೊನೆಯ ನೀರಿಗೆ, ಒಗೆಯುವ ಕೆಲಸ ಮುಗಿದ ಮೇಲೆ. ನೂಲಿನ ಮೇಲೆ ಜಿಡ್ಡಿನಂಥ ತೆಳು ಪದರ ಬಳಿದು, ಪರಿಮಳ ಅಂಟಿಸುತ್ತದೆ. ಬಟ್ಟೆ ಮೆತ್ತಗಾಗುತ್ತದೆ, ಇಸ್ತ್ರಿ ಸಲೀಸಾಗುತ್ತದೆ ಅನ್ನುವುದು ನಿಜ. ಆದರೆ ಕೊಳೆ ತೆಗೆಯುವುದು ಅದರ ಕೆಲಸವೇ ಅಲ್ಲ. ಆ ಪದರದಿಂದ ಟವೆಲ್ಲು ನೀರು ಹೀರುವುದೂ ಕಡಿಮೆಯಾಗುತ್ತದೆ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಒಣಗಿದ ಶರ್ಟಿನ ಕಂಕುಳ ಭಾಗಕ್ಕೆ ನೀರು ಚಿಮುಕಿಸಿ, ಮುಚ್ಚಳದ ಡಬ್ಬಿಯಲ್ಲಿ ಅರ್ಧ ಗಂಟೆ ಇಡಿ. ಮುಚ್ಚಳ ತೆಗೆದಾಗ ಘಮದ ಅಡಿಯಿಂದ ಹುಳಿ ಎದ್ದರೆ ಆ ಬಟ್ಟೆ ಶುಚಿಯಾಗಿಲ್ಲ. ನಿಜವಾಗಿ ಶುಚಿಯಾದ ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ.

ಮದ್ದು ಬಿಸಿನೀರು. ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆಯಲ್ಲಿ ಬಟ್ಟೆ ಬೇಯಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಹೀಗೆ ಮಾಡಬಹುದು: ಸ್ಟೀಲ್ ಬಕೆಟ್ಟಿಗೆ ಒಂದು ಪಾಲು ತಣ್ಣೀರು, ಅದರ ಮೇಲೆ ಎರಡು ಪಾಲು ಕುದಿನೀರು. ಸೋಪಿನ ಪುಡಿ, ಒಂದು ಚಮಚ ಬಟ್ಟೆ ಸೋಡಾ ಹಾಕಿ. ಸೋಡಾ ನೀರಿನ ಗಡುಸು ಇಳಿಸುತ್ತದೆ. ಯೂನಿಫಾರ್ಮನ್ನು ಕೋಲಿನಿಂದ ಮುಳುಗಿಸಿ, ಅರ್ಧ ಗಂಟೆ ಮುಚ್ಚಿಟ್ಟು, ಆಮೇಲೆ ಉಜ್ಜಿ, ಎರಡು ಸಲ ಜಾಲಿಸಿ. ಮಕ್ಕಳು ಹತ್ತಿರ ಬರದಿರಲಿ. ರೇಷ್ಮೆ, ಉಣ್ಣೆ, ಬಣ್ಣ ಬಿಡುವ ಬಟ್ಟೆಗೆ ಇದು ಬೇಡ. ದಿನವೂ ಬೇಕಿಲ್ಲ, ವಾಸನೆ ಕುಳಿತಾಗ ಸಾಕು.

ಆಮೇಲೆ ಬೇಗ ಒಣಗಬೇಕು. ಚೆನ್ನಾಗಿ ಹಿಂಡಿ, ಒಳಮೈ ಹೊರಗೆ ಮಾಡಿ, ಬಟ್ಟೆಗೆ ಬಟ್ಟೆ ತಾಗದಂತೆ ಒಂದು ಗೇಣು ಬಿಟ್ಟು ಹರವಿ. ಕಿಟಕಿ ತೆರೆದು ಫ್ಯಾನ್ ಹಾಕಿ. ಗಾಳಿ ಆಡದ ರೂಮಿನಲ್ಲಿ ನೀರು ಹೋಗುವುದಾದರೂ ಎಲ್ಲಿಗೆ?

ಹೇಳಲು ಸಂಕೋಚಪಡುವ ಒಂದು ಮಾತನ್ನೂ ಹೇಳಿಬಿಡುತ್ತೇವೆ. ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣಬಾರದೆಂದು ಸೀರೆಯ ಅಡಿ, ಬಚ್ಚಲ ಮೂಲೆಯಲ್ಲಿ ಒಣಗಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೇಕಾದ ಬಟ್ಟೆಗೇ ಕತ್ತಲು. ವಾಸನೆಗೆ ಹೆದರಿ ಅದಕ್ಕೆ ಸಾಫ್ಟ್‌ನರ್ ಹಾಕಿದರೆ ಹೀರುವ ಗುಣ ಹೋಗುತ್ತದೆ, ಪರಿಮಳದ ರಾಸಾಯನಿಕ ನಾಜೂಕಾದ ಚರ್ಮಕ್ಕೆ ತಾಗಿ ಉರಿ, ತುರಿಕೆ ಬರಬಹುದು.

ಹುಳಿ ವಾಸನೆ ಬಂದರೆ ಹುಡುಗಿಯನ್ನು "ಶುಚಿಯಿಲ್ಲದವಳು" ಎನ್ನುತ್ತಾರೆ. ಮಹಡಿ ಮೇಲೆ ಹಗ್ಗ ಕಟ್ಟಬೇಡಿ ಎನ್ನುವ ಮನೆ ಮಾಲೀಕರನ್ನು, ಕಿಟಕಿಯೇ ಇಲ್ಲದ ರೂಮು ಕಟ್ಟಿ ಬಾಡಿಗೆ ಎಣಿಸುವವರನ್ನು ಯಾರೂ ಕೇಳುವುದಿಲ್ಲ. ಬಾಡಿಗೆ ಕೊಡುವವರು ಸ್ಯಾಶೆ ಕೊಳ್ಳುವುದನ್ನು ಬಿಟ್ಟು ಮೊದಲು ಮಹಡಿಯ ಬೀಗದ ಕೈ ಕೇಳಲಿ.