ಆಕಾಶದಲ್ಲಿ ಕರೆಂಟು ಹೋದರೆ

ಹಾರುತ್ತಿರುವ ವಿಮಾನದ ಎಂಜಿನ್‌ಗಳು ನಿಂತುಹೋದರೆ ಅದು ಕಲ್ಲಿನಂತೆ ಕೆಳಕ್ಕೆ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ರೆಕ್ಕೆಗಳಿರುವವರೆಗೆ ಅದು ಗಾಳಿಯಲ್ಲಿ ಜಾರುತ್ತಾ ನೂರಾರು ಸೆಕೆಂಡುಗಳ ಕಾಲ ಇಳಿಯಬಲ್ಲದು. ಆದರೆ ಎಂಜಿನ್ ನಿಂತ ಗಳಿಗೆಯಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. ಅದರ ಬಗ್ಗೆ ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ವಿಮಾನದಲ್ಲಿ ಕರೆಂಟು ಹೋಗುತ್ತದೆ!

ವಿಮಾನಕ್ಕೆ ಬೇಕಾದ ವಿದ್ಯುತ್ತನ್ನು ತಯಾರಿಸುವುದು ಎಂಜಿನ್‌ಗಳೇ. ಪ್ರತಿಯೊಂದು ಎಂಜಿನ್ನಿಗೂ ಹಲ್ಲುಚಕ್ರಗಳ ಮೂಲಕ ಒಂದು ಜನರೇಟರ್ ಜೋಡಿಸಿರುತ್ತಾರೆ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತನದ್ದು. ವಿಮಾನದ್ದು 115 ವೋಲ್ಟ್, 400 ಆವರ್ತನ. ಆವರ್ತನ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರಿನ, ಮೋಟಾರಿನ ಒಳಗಿನ ಕಬ್ಬಿಣ ಕಡಿಮೆ ಸಾಕಾಗುತ್ತದೆ. ಆಕಾಶಕ್ಕೆ ಏರುವ ಯಂತ್ರದಲ್ಲಿ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದಲ್ಲವೆ?

ಬೋಯಿಂಗ್ 767 ಎಂಬ ಎರಡು ಎಂಜಿನ್‌ಗಳ ವಿಮಾನವನ್ನೇ ತೆಗೆದುಕೊಳ್ಳೋಣ. ಅದರ ಒಂದೊಂದು ಜನರೇಟರಿನ ಸಾಮರ್ಥ್ಯ 90 ಕಿಲೋವೋಲ್ಟ್-ಆಂಪಿಯರ್. ಒಂದು ಕೆಟ್ಟರೆ ಇನ್ನೊಂದು ಮುಖ್ಯ ಕೆಲಸಗಳನ್ನೆಲ್ಲ ನಡೆಸಿಕೊಂಡು ಹೋಗುತ್ತದೆ. ಎರಡೂ ಹೋದರೆ ಬಾಲದಲ್ಲಿ ಒಂದು ಪುಟ್ಟ ಎಂಜಿನ್ ಕಾದಿರುತ್ತದೆ. ಅದನ್ನು ಸಹಾಯಕ ಎಂಜಿನ್ ಎನ್ನೋಣ. ವಿಮಾನವನ್ನು ತಳ್ಳುವುದು ಅದರ ಕೆಲಸವಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಒತ್ತಿದ ಗಾಳಿಯನ್ನು ಒದಗಿಸುತ್ತದೆ. ಅದರ ಹಿಂದೆ ಕೊನೆಯ ಆಸರೆಯಾಗಿ ಬ್ಯಾಟರಿ ಇದೆ.

ಈ ಬ್ಯಾಟರಿ ಎಷ್ಟು ದೊಡ್ಡದಿರಬಹುದು? ಒಂದು ಲೆಕ್ಕ ಹಾಕಿ ನೋಡಿ. 24 ವೋಲ್ಟಿನ, 40 ಆಂಪಿಯರ್-ಅವರ್ ಬ್ಯಾಟರಿ ಎಂದಿಟ್ಟುಕೊಂಡರೆ ಎರಡನ್ನೂ ಗುಣಿಸಿದಾಗ 960 ವಾಟ್-ಅವರ್ ಬರುತ್ತದೆ. ಅಂದರೆ ನಮ್ಮ ಮೀಟರಿನ ಒಂದು ಯೂನಿಟ್ಟಿಗಿಂತ ತುಸು ಕಡಿಮೆ. ಮನೆಯ ಇನ್ವರ್ಟರಿಗೆ ಇಡುವ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇದರ ಸುಮಾರು ಎರಡರಷ್ಟಿದೆ! ಪೂರ್ಣ ಹೊರೆ ಹೊತ್ತ ಒಂದು ಜನರೇಟರ್ ಕೊಡುವಷ್ಟು ವಿದ್ಯುತ್ತನ್ನು ಬ್ಯಾಟರಿಯಿಂದ ಎಳೆದರೆ ಅದು 40 ಸೆಕೆಂಡು ಕೂಡ ಬಾಳದು. ಆದ್ದರಿಂದ ಬ್ಯಾಟರಿಯ ಪಾಲಿಗೆ ಬಂದಾಗ ವಿಮಾನ ತಾನಾಗಿಯೇ ಹೆಚ್ಚಿನ ಹೊರೆಯನ್ನೆಲ್ಲ ಕಳಚಿಹಾಕುತ್ತದೆ. ಅಡುಗೆ ಒಲೆ, ಪ್ರಯಾಣಿಕರ ದೀಪಗಳು ಮಾತ್ರವಲ್ಲ, ಚಾಲಕರ ಮುಂದಿನ ಬಹುಪಾಲು ಪರದೆಗಳೂ ಆರುತ್ತವೆ. ಉಳಿಯುವುದು ಒಂದು ರೇಡಿಯೋ, ಬೆರಳೆಣಿಕೆಯ ಉಪಕರಣಗಳು. ಹಾಗೆ ಉಪವಾಸ ಹಿಡಿದರೆ ಅರ್ಧ ಗಂಟೆಯ ಆಸುಪಾಸು ನಡೆಯುತ್ತದೆ.

ಇದೆಲ್ಲ ಒಂದೇ ಸಲಕ್ಕೆ ಪರೀಕ್ಷೆಗೆ ಒಳಗಾದದ್ದು 1983ರ ಜುಲೈ 23ರಂದು, ಕೆನಡಾದಲ್ಲಿ. ಏರ್ ಕೆನಡಾದ 143ನೇ ಸಂಖ್ಯೆಯ ವಿಮಾನ, ಆಗ ತೀರ ಹೊಸದಾಗಿದ್ದ 767, ಮಾಂಟ್ರಿಯಲ್‌ನಿಂದ ಅಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಒಳಗಿದ್ದವರು 69 ಜನ. ಇಂಧನ ತೋರಿಸುವ ಉಪಕರಣ ಕೆಟ್ಟಿದ್ದರಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದು ಲೆಕ್ಕ ಮಾಡಿದ್ದರು. ಬೇಕಾಗಿದ್ದದ್ದು 22,300 ಕಿಲೋಗ್ರಾಂ. ಆದರೆ ಲೀಟರನ್ನು ತೂಕಕ್ಕೆ ಬದಲಿಸುವಾಗ ಪೌಂಡಿನ ಗುಣಕವನ್ನು ಬಳಸಿದ್ದರಿಂದ ವಿಮಾನದಲ್ಲಿ ಇದ್ದದ್ದು 22,300 ಪೌಂಡು, ಅಂದರೆ ಅರ್ಧಕ್ಕಿಂತಲೂ ಕಡಿಮೆ.

41,000 ಅಡಿ ಎತ್ತರದಲ್ಲಿ ಸಾಗುತ್ತಿದ್ದಾಗ ಇಂಧನದ ಒತ್ತಡ ಕುಸಿಯುತ್ತಿದೆ ಎಂಬ ಎಚ್ಚರಿಕೆ ಬಂತು. ಚಾಲಕರು ವಿನ್ನಿಪೆಗ್ ಕಡೆಗೆ ತಿರುಗಿಸಿದರು. ಮೊದಲು ಎಡ ಎಂಜಿನ್ ನಿಂತಿತು, ಸ್ವಲ್ಪ ಹೊತ್ತಿನಲ್ಲೇ ಬಲ ಎಂಜಿನ್ನೂ ನಿಂತಿತು. ಎರಡನೆಯದು ನಿಂತೊಡನೆ ಕಾಕ್‌ಪಿಟ್ಟಿನ ಪರದೆಗಳೆಲ್ಲ ಕಪ್ಪಾದವು.

ಸಹಾಯಕ ಎಂಜಿನ್ ಏನಾಯಿತು ಎಂದು ನೀವು ಕೇಳಬಹುದು. ಅದು ಕುಡಿಯುವುದೂ ಅದೇ ಟ್ಯಾಂಕಿನ ಇಂಧನವನ್ನೇ! ಈ ಕಥೆಯ ತಿರುಳು ಇರುವುದು ಇಲ್ಲಿಯೇ. ಎರಡು ಜನರೇಟರ್‌ಗಳು, ಅವು ಹೋದರೆ ಮೂರನೆಯದು ಎಂದು ಎಣಿಸಿದಾಗ ಭದ್ರತೆ ಮೂರುಪಟ್ಟು ಎನ್ನಿಸುತ್ತದೆ. ಆದರೆ ಮೂರಕ್ಕೂ ಬೇರು ಒಂದೇ. ಬೇರು ಒಣಗಿದರೆ ಮೂರೂ ಕೊಂಬೆಗಳು ಒಟ್ಟಿಗೆ ಒಣಗುತ್ತವೆ.

ಇಂಧನವನ್ನು ನಂಬದೆ ಉಳಿದದ್ದು ಎರಡೇ. ಒಂದು ಬ್ಯಾಟರಿ, ಇನ್ನೊಂದು ಗಾಳಿ. ಇಂತಹ ಹೊತ್ತಿನಲ್ಲಿ ವಿಮಾನದ ಹೊಟ್ಟೆಯಿಂದ ಒಂದು ಸಣ್ಣ ಗಾಳಿಚಕ್ರ ಹೊರಗೆ ಚಾಚಿಕೊಳ್ಳುತ್ತದೆ. ವಿಮಾನದ ವೇಗಕ್ಕೆ ಎದುರಾಗುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಆ ವಿಮಾನದಲ್ಲಿ ಈ ಚಕ್ರ ಕೊಡುತ್ತಿದ್ದದ್ದು ವಿದ್ಯುತ್ತನ್ನಲ್ಲ, ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ಆಡಿಸಲು ಬೇಕಾದ ತೈಲದ ಒತ್ತಡವನ್ನು. ಹೀಗೆ ಗಾಳಿಯಿಂದ ಚುಕ್ಕಾಣಿ ನಡೆಯಿತು, ಬ್ಯಾಟರಿಯಿಂದ ರೇಡಿಯೋ ಮತ್ತು ಕೆಲವು ಉಪಕರಣಗಳು ನಡೆದವು.

ಎತ್ತರಮಾಪಕ, ವೇಗಮಾಪಕ, ದಿಕ್ಸೂಚಿ, ಸಮತಲ ತೋರಿಸುವ ಉಪಕರಣ ಇವಿಷ್ಟು ಅವರಿಗೆ ಉಳಿದಿದ್ದವು. ಇಳಿಯುತ್ತಿರುವ ದರವನ್ನು ಹೇಳುವ ಮಾಪಕವಿರಲಿಲ್ಲ. ನೆಲದ ರಾಡಾರಿಗೆ ತನ್ನ ಗುರುತು, ಎತ್ತರಗಳನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಕೂಡ ಆರಿತ್ತು. ಹೀಗಾಗಿ ವಿನ್ನಿಪೆಗ್‌ನವರು ವಿಮಾನದ ಮೈಗೆ ತಗುಲಿ ಮರಳುವ ಪ್ರತಿಧ್ವನಿಯಿಂದ ಮಾತ್ರ ದೂರ ಅಳೆದು ಹೇಳಬೇಕಾಯಿತು. ಸಹಚಾಲಕ ಮಾರಿಸ್ ಕ್ವಿಂಟಾಲ್ ಆ ದೂರವನ್ನೂ ಕಳೆದುಕೊಂಡ ಎತ್ತರವನ್ನೂ ಜೋಡಿಸಿ ಲೆಕ್ಕ ಮಾಡಿದರು. ವಿನ್ನಿಪೆಗ್ ಮುಟ್ಟುವುದು ಸಾಧ್ಯವಿಲ್ಲ ಎಂದು ಗೊತ್ತಾಯಿತು. ಗಿಮ್ಲಿ ಎಂಬಲ್ಲಿದ್ದ ಹಳೆಯ ವಾಯುಪಡೆ ನೆಲೆಯ ಕಡೆಗೆ ತಿರುಗಿದರು.

ಕೊನೆಯ ಹಂತದಲ್ಲಿ ಇನ್ನೊಂದು ಇಕ್ಕಟ್ಟು. ನೆಲಕ್ಕೆ ಇಳಿಯಲು ವೇಗ ತಗ್ಗಿಸಬೇಕು. ವೇಗ ತಗ್ಗಿಸಿದರೆ ಗಾಳಿಚಕ್ರ ನಿಧಾನವಾಗುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ಗ್ಲೈಡರ್ ಹಾರಿಸಿ ಅನುಭವವಿದ್ದ ಮುಖ್ಯ ಚಾಲಕ ರಾಬರ್ಟ್ ಪಿಯರ್ಸನ್ ವಿಮಾನವನ್ನು ಅಡ್ಡಡ್ಡವಾಗಿ ಜಾರಿಸಿ ಹೆಚ್ಚಿನ ಎತ್ತರವನ್ನು ಕಳೆದರು. ಗಾಲಿಗಳು ತಮ್ಮ ಭಾರದಿಂದಲೇ ಕೆಳಗೆ ಬಿದ್ದವು. ಮೂತಿಯ ಗಾಲಿ ಮಾತ್ರ ಬೀಗ ಹಾಕಿಕೊಳ್ಳದೆ ಮಡಚಿಕೊಂಡಿತು. ಸುಮಾರು 17 ನಿಮಿಷಗಳ ಜಾರಾಟದ ನಂತರ ವಿಮಾನ ಮೂತಿ ಉಜ್ಜುತ್ತಾ ನಿಂತಿತು. 69 ಜನರೂ ಬದುಕಿದರು.

ಈಗ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೇರಿದ ಏರ್‌ಬಸ್ ಎ320 ವಿಮಾನದ ಎರಡೂ ಎಂಜಿನ್‌ಗಳಿಗೆ ಹೆಬ್ಬಾತುಗಳು ಬಡಿದು ಅವುಗಳ ಬಲ ಬಹುತೇಕ ಉಡುಗಿತು. ಚಾಲಕ ಚೆಸ್ಲಿ ಸಲೆನ್‌ಬರ್ಗರ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸಹಾಯಕ ಎಂಜಿನ್ನನ್ನು ಚಾಲೂ ಮಾಡಿದ್ದು. ಇಲ್ಲಿ ಕೆಟ್ಟದ್ದು ಎಂಜಿನ್, ಟ್ಯಾಂಕಿನಲ್ಲಿ ಇಂಧನ ಬೇಕಾದಷ್ಟಿತ್ತು. ಆದ್ದರಿಂದ ವಿದ್ಯುತ್ತು ಕಡಿಯಲಿಲ್ಲ. ಅತಿ ನಿಧಾನವಾಗಿ ಹಾರಿ ಬೀಳದಂತೆ ಕಾಯುವ ಗಣಕಯಂತ್ರಗಳು ಹಡ್ಸನ್ ನದಿಯ ನೀರನ್ನು ಮುಟ್ಟುವವರೆಗೂ ಕೆಲಸ ಮಾಡಿದವು. 155 ಜನರೂ ಉಳಿದರು.

ಕಾಕ್‌ಪಿಟ್ಟಿನಲ್ಲಿ ಕತ್ತಲಾದಾಗ ಎಷ್ಟು ಜನರೇಟರ್‌ಗಳಿವೆ ಎಂಬುದಕ್ಕಿಂತ ಎಂಜಿನ್ ಏಕೆ ನಿಂತಿತು ಎಂಬುದೇ ಮುಖ್ಯ. ಇಂಧನವಿದ್ದರೆ ಬಾಲದ ಎಂಜಿನ್ ಕೈಹಿಡಿಯುತ್ತದೆ. ಅದಿಲ್ಲದಿದ್ದರೆ ಗಾಳಿಚಕ್ರ ಮತ್ತು ಆ ಒಂದು ಯೂನಿಟ್ಟಿನ ಬ್ಯಾಟರಿ, ಇವಿಷ್ಟರಲ್ಲೇ ನೆಲ ಸೇರಬೇಕು.