‘ಯಾವಾಗ ಬೇಕಾದ್ರೂ ಬನ್ನಿ’ ಅಂದ್ರೆ ಯಾರೂ ಬರಲ್ಲ

ಸೆಮಿಸ್ಟರ್‌ನ ಮೊದಲ ವಾರ ಪ್ರತಿ ಸಬ್ಜೆಕ್ಟ್‌ನವರೂ ಹೇಳುವ ಮಾತೊಂದಿದೆ: “ಡೌಟ್ ಇದ್ರೆ ಯಾವಾಗ ಬೇಕಾದ್ರೂ ಸ್ಟಾಫ್ ರೂಮಿಗೆ ಬನ್ನಿ.” ಮನಸ್ಸಿನಿಂದಲೇ ಹೇಳ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನಾವು ಹೋಗಲ್ಲ. ಹೋದರೂ ಬಾಗಿಲ ಹತ್ತಿರ ನಿಂತು ಇಣುಕಿ ನೋಡ್ತೀವಿ. ಅವರು ಲ್ಯಾಬ್ ರೆಕಾರ್ಡ್ ತಿದ್ದುತ್ತಿರುತ್ತಾರೆ, ಇಲ್ಲವೇ ಆಗತಾನೇ ಊಟದ ಡಬ್ಬಿ ತೆರೆದಿರುತ್ತಾರೆ. “ನಾಳೆ ಬಂದ್ರಾಯ್ತು” ಅಂತ ವಾಪಸ್ ಬರ್ತೀವಿ. ಆ ನಾಳೆ ಬರೋದು ಇಂಟರ್ನಲ್ಸ್‌ನ ಹಿಂದಿನ ದಿನ. ಅವತ್ತು ಅದೇ ಬಾಗಿಲ ಮುಂದೆ ಇಪ್ಪತ್ತು ಜನ ನಿಂತಿರ್ತಾರೆ.

ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ತಗೊಂಡ ನಮ್ಮ ಮೇಡಂ ಇದಕ್ಕೊಂದು ದಾರಿ ಹುಡುಕಿದರು. ಪ್ರತಿ ಬುಧವಾರ ಮಧ್ಯಾಹ್ನ 3:30ರಿಂದ 5ರವರೆಗೆ ಡೌಟ್‌ಗಳಿಗೇ ಮೀಸಲು ಅಂತ ಘೋಷಿಸಿದರು. ಮೊದಲ ತಿಂಗಳು ಅದು ಸರಿಯಾಗಿ ನಡೆಯಲಿಲ್ಲ. ಬುಕಿಂಗ್ ಮಾಡೋ ರೀತಿ ಬದಲಾದ ಮೇಲೆ ಚೆನ್ನಾಗಿ ನಡೀತು. ಹಾಗಾಗಿ ನಮ್ಮ ವಾದ ಇಷ್ಟು: ವಾರಕ್ಕೊಂದು ನಿಗದಿತ ಹೊತ್ತು ಪ್ರತಿ ಸಬ್ಜೆಕ್ಟ್‌ಗೂ ಬೇಕು. ಆದರೆ ಬುಕ್ ಮಾಡುವಾಗ ಹೆಸರು, ಯುಎಸ್‌ಎನ್ ಬರೆದರೆ ಸಾಲದು. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀವಿ ಅಂತ ನಾಲ್ಕು ಸಾಲು ಬರೆಯಲೇಬೇಕು.

ಮೊದಲು ಏನಾಯ್ತು ಅಂತ ಹೇಳ್ತೀವಿ. 90 ನಿಮಿಷವನ್ನು 15 ನಿಮಿಷದಂತೆ ಹಂಚಿದರೆ ಆರು ಸ್ಲಾಟ್. ಮೇಡಂ ಗೂಗಲ್ ಶೀಟ್‌ನಲ್ಲಿ ಆರು ಸಾಲು ಮಾಡಿ, ಲಿಂಕನ್ನು ಭಾನುವಾರ ರಾತ್ರಿ ಕ್ಲಾಸ್ ಗ್ರೂಪ್‌ಗೆ ಹಾಕಿದರು. ಮೊದಲ ವಾರ ಬಂದವರು ಇಬ್ಬರೇ. ಮೂರನೇ ವಾರದ ಹೊತ್ತಿಗೆ ಲಿಂಕ್ ಬಂದ ಹತ್ತು ನಿಮಿಷದಲ್ಲಿ ಶೀಟ್ ತುಂಬಿತು. ಹೆಸರುಗಳನ್ನು ನೋಡಿದರೆ ಎಲ್ಲ ಮುಂದಿನ ಎರಡು ಬೆಂಚಿನವರೇ! ಕ್ಲಾಸಲ್ಲೂ ಅವರೇ ಕೇಳ್ತಾರೆ, ಇಲ್ಲೂ ಅವರೇ. ಇನ್ನೊಂದು ಎಡವಟ್ಟೂ ಆಯ್ತು. ಒಂದೇ ಖಾನೆಯಲ್ಲಿ ಇಬ್ಬರು ಹೆಚ್ಚುಕಮ್ಮಿ ಒಟ್ಟಿಗೇ ಟೈಪ್ ಮಾಡಿದರು. ಶೀಟ್‌ನಲ್ಲಿ ಆಮೇಲೆ ಬರೆದದ್ದೇ ಉಳಿಯುತ್ತೆ. ಮೊದಲು ಬರೆದವಳು ಬುಧವಾರ ಪುಸ್ತಕ ಹಿಡ್ಕೊಂಡು ಹೋದರೆ ಅಲ್ಲಿ ಬೇರೆಯವರ ಹೆಸರು. ವರ್ಷನ್ ಹಿಸ್ಟರಿ ತೆಗೆದು ನೋಡಿದಾಗ ಅವಳ ಹೆಸರೇನೋ ಸಿಕ್ಕಿತು, ಆದರೆ ಅವಳ 15 ನಿಮಿಷ ಹೋಗಿಯಾಗಿತ್ತು.

“ಶೀಟ್ ಬಿಟ್ಟು ಗೂಗಲ್ ಫಾರ್ಮ್ ಮಾಡಿ ಮೇಡಂ” ಅಂದ್ವಿ. ಅದರಲ್ಲೂ ಒಂದು ತೊಡಕಿದೆ. ಬರೀ ಫಾರ್ಮ್‌ನಲ್ಲಿ ‘3:45’ ಅನ್ನೋ ಆಯ್ಕೆ ಇಟ್ಟರೆ ಅದನ್ನು ಹತ್ತು ಜನ ಒತ್ತಿದರೂ ಫಾರ್ಮ್ ತಾನಾಗಿ ತಡೆಯೋದಿಲ್ಲ. ಅದಕ್ಕೇ ಮೇಡಂ ಹೊತ್ತನ್ನು ಆರಿಸೋ ಕೆಲಸವನ್ನೇ ನಮ್ಮಿಂದ ತೆಗೆದರು. ಫಾರ್ಮ್‌ನಲ್ಲಿ ನಾವು ಡೌಟ್ ಬರೀಬೇಕು, ಯಾವ ಹೊತ್ತಿಗೆಲ್ಲ ಬರೋಕಾಗುತ್ತೆ ಅಂತ ಗುರುತು ಹಾಕಬೇಕು. ಮಂಗಳವಾರ ರಾತ್ರಿ 8ಕ್ಕೆ ಫಾರ್ಮ್ ಮುಚ್ಚುತ್ತೆ. ಅವರು ಎಲ್ಲವನ್ನೂ ಓದಿ, ಒಂದೇ ಥರದ ಡೌಟ್‌ಗಳನ್ನು ಜೋಡಿಸಿ, ಯಾರು ಯಾವಾಗ ಬರಬೇಕು ಅಂತ ಅದೇ ರಾತ್ರಿ ಪಟ್ಟಿ ಹಾಕ್ತಾರೆ. ಪಟ್ಟಿಯಲ್ಲಿ ಇರೋದು ಹೊತ್ತು ಮತ್ತು ಯುಎಸ್‌ಎನ್‌ನ ಕೊನೆಯ ಮೂರು ಅಂಕಿ ಅಷ್ಟೇ. ಯಾರ ಡೌಟ್ ಏನು ಅಂತ ಇಡೀ ಕ್ಲಾಸಿಗೆ ಗೊತ್ತಾಗಬೇಕಿಲ್ಲವಲ್ಲ.

ಜೋಡಿಸೋದು ಯಾಕೆ ಮುಖ್ಯ ಅನ್ನೋದಕ್ಕೆ ಸಣ್ಣ ಲೆಕ್ಕ ಸಾಕು. ನಮ್ಮ ಸೆಕ್ಷನ್‌ನಲ್ಲಿ 64 ಜನ. ಆರು ಸ್ಲಾಟ್‌ನಲ್ಲಿ ನಾಲ್ಕನ್ನು ಬುಕಿಂಗ್‌ಗೆ ಕೊಟ್ಟು, ಎರಡನ್ನು ಹಾಗೇ ಬರುವವರಿಗೆ ಬಿಟ್ಟರು. ಒಬ್ಬೊಬ್ಬರನ್ನೇ ಕರೆದರೆ ಎಲ್ಲರೂ ಒಂದು ಸಲ ಬಂದು ಹೋಗೋಕೆ 16 ವಾರ ಬೇಕು. ಅಷ್ಟರಲ್ಲಿ ಸೆಮ್ಮೇ ಮುಗಿದಿರುತ್ತೆ. ಮೂರು ನಾಲ್ಕು ಜನರನ್ನು ಒಂದು ಸ್ಲಾಟ್‌ಗೆ ಕೂರಿಸಿದರೆ ಐದು ವಾರಕ್ಕೇ ಎಲ್ಲರ ಸರದಿ ಬರುತ್ತೆ. ಆದರೆ ಯಾರ ಡೌಟ್ ಯಾರದರ ಜೊತೆ ಸೇರುತ್ತೆ ಅನ್ನೋದು ಬರೆಯದಿದ್ದರೆ ಗೊತ್ತಾಗಲ್ಲ.

ನಮ್ಮ ಗೆಳೆಯನೊಬ್ಬನ ಉದಾಹರಣೆ ನೋಡಿ. ಪಿಯುಸಿವರೆಗೆ ಕನ್ನಡ ಮೀಡಿಯಂನಲ್ಲೇ ಓದಿದವನು, ಕ್ಲಾಸಲ್ಲಿ ಒಂದು ಸಲವೂ ಕೈ ಎತ್ತಿದವನಲ್ಲ. ಅವನು ಫಾರ್ಮ್‌ನಲ್ಲಿ ಮೊದಲು ಬರೆದದ್ದು “ಲಿಂಕ್ಡ್ ಲಿಸ್ಟ್ ಅರ್ಥ ಆಗಿಲ್ಲ” ಅಂತ. ಮೇಡಂ ಅವನಿಗೆ ಒಂದೇ ಪ್ರಶ್ನೆ ಕಳಿಸಿದರು: “ಯಾವ ಸಾಲಿನವರೆಗೆ ಅರ್ಥ ಆಗಿದೆ?” ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಅವನ ಜೊತೆ ಕೂತ್ವಿ. ಅವನ ಕೋಡ್ ಹೀಗಿತ್ತು:

```c
void add(struct node *head, int x) {
    struct node *p = malloc(sizeof *p);
    p->data = x;
    p->next = head;
    head = p;
}
```

`main` ಒಳಗೆ `head` ಅನ್ನು `NULL` ಮಾಡಿ, `add(head, 10);` ಅಂತ ಕರೆದು, ಆಮೇಲೆ ಲಿಸ್ಟ್ ಪ್ರಿಂಟ್ ಮಾಡಿದರೆ ಏನೂ ಬರ್ತಿರಲಿಲ್ಲ. `add` ಒಳಗಿನ ಕೊನೆಯ ಸಾಲಿನ ಕೆಳಗೆ ಒಂದು `printf` ಹಾಕಿಸಿದ್ವಿ. ಅಲ್ಲಿ 10 ಬಂತು! `main`ಗೆ ವಾಪಸ್ ಬಂದ ಮೇಲೆ ನೋಡಿದರೆ `head` ಇನ್ನೂ `NULL`. ಈಗ ಅವನು ಫಾರ್ಮ್ ತಿದ್ದಿ ಬರೆದ: “ಫಂಕ್ಷನ್ ಒಳಗೆ ಹೆಡ್ ಬದಲಾಗ್ತಿದೆ, ಹೊರಗೆ ಬಂದರೆ ಹಳೇದೇ ಇದೆ. ಆದರೆ ಅರೇ ಕಳಿಸಿದಾಗ ಹೊರಗೂ ಬದಲಾಗುತ್ತಲ್ಲ, ಇಲ್ಯಾಕೆ ಆಗಲ್ಲ?”

ಎರಡು ಬುಕಿಂಗ್‌ನ ವ್ಯತ್ಯಾಸ ನೋಡಿ. ಮೊದಲನೆಯದಕ್ಕೆ ಉತ್ತರ ಹೇಳಬೇಕಂದ್ರೆ ಇಡೀ ಮಾಡ್ಯೂಲ್ ಮತ್ತೆ ಪಾಠ ಮಾಡಬೇಕು. ಎರಡನೆಯದು ಐದು ನಿಮಿಷದ್ದು. ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಹೋಗೋದು ಮೌಲ್ಯದ ನಕಲು. `head`ನಲ್ಲಿದ್ದ ವಿಳಾಸದ ನಕಲು `add`ಗೆ ಹೋಯ್ತು, `add` ತನ್ನ ನಕಲನ್ನು ಬದಲಾಯಿಸಿಕೊಂಡಿತು, `main`ನ ಮೂಲ ಹಾಗೇ ಉಳೀತು. ಅರೇ ಕಳಿಸಿದಾಗಲೂ ಹೋಗೋದು ಮೊದಲ ಅಂಶದ ವಿಳಾಸದ ನಕಲೇ. ಆದರೆ ಅಲ್ಲಿ ನಾವು ಆ ವಿಳಾಸವನ್ನು ಬದಲಾಯಿಸಲ್ಲ, ಆ ವಿಳಾಸಕ್ಕೆ ಹೋಗಿ ಅಲ್ಲಿರೋದನ್ನು ಬದಲಾಯಿಸ್ತೀವಿ. ಎರಡೂ ಕಡೆ ನಿಯಮ ಒಂದೇ. ಸರಿ ಮಾಡೋಕೆ `add` ಹೊಸ `head` ಅನ್ನು ವಾಪಸ್ ಕೊಡುವ ಹಾಗೆ ಬರೆದು, `head = add(head, 10);` ಅಂತ ಕರೆದರಾಯ್ತು.

ಅದೇ ವಾರ ಇನ್ನೂ ಮೂವರು ಬರೆದಿದ್ದರು: “ಮೊದಲ ನೋಡ್ ಡಿಲೀಟ್ ಮಾಡಿದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತೆ, ಇಲ್ಲವೇ ಏನೇನೋ ನಂಬರ್ ಬರುತ್ತೆ, ನಡುವಿನ ನೋಡ್ ಡಿಲೀಟ್ ಮಾಡಿದರೆ ಸರಿಯಾಗಿದೆ.” ಅವರಿಗೆ ಅದು ಡಿಲೀಶನ್ ಡೌಟ್, ನಮ್ಮ ಗೆಳೆಯನಿಗೆ ಇನ್ಸರ್ಶನ್ ಡೌಟ್. ಮೇಡಂ ಕಣ್ಣಿಗೆ ನಾಲ್ಕೂ ಒಂದೇ. ಅವರ ಫಂಕ್ಷನ್ ಕೂಡ ತನ್ನ ನಕಲನ್ನಷ್ಟೇ ಮುಂದಕ್ಕೆ ಸರಿಸಿತ್ತು, `main`ನ `head` ಮಾತ್ರ `free` ಆದ ನೋಡ್‌ನ ಕಡೆಗೇ ಬೆರಳು ತೋರಿಸ್ತಾ ಇತ್ತು. ನಾಲ್ವರನ್ನೂ 3:45ಕ್ಕೆ ಒಟ್ಟಿಗೆ ಕೂರಿಸಿ, ಬೋರ್ಡ್ ಮೇಲೆ ಎರಡು ಚೌಕ ಬರೆದು ತೋರಿಸಿದರು. ಬರೀ ಹೆಸರಿನ ಶೀಟ್ ಆಗಿದ್ದರೆ ಅದೇ ಮಾತನ್ನು ನಾಲ್ಕು ಸಲ ಹೇಳಿ ಒಂದು ಗಂಟೆ ಕಳೀತಿತ್ತು.

“ಡೌಟ್ ಕೇಳೋಕೂ ಬುಕಿಂಗ್ ಬೇಕಾ, ಏನು ಸಿನಿಮಾ ಟಿಕೆಟ್ಟಾ?” ಅಂತ ಕೆಲವರು ನಕ್ಕರು. “ಏನು ಗೊತ್ತಿಲ್ಲ ಅಂತ ಬರೆಯೋಕೆ ಬಂದಿದ್ರೆ ಡೌಟೇ ಇರ್ತಿರಲಿಲ್ಲ” ಅಂದವರೂ ಇದ್ದಾರೆ. ಈ ಎರಡನೇ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೇ ಕೊನೆಯ ಅರ್ಧ ಗಂಟೆ ಬುಕಿಂಗ್ ಇಲ್ಲದೆ ತೆರೆದಿರಬೇಕು, ಏನೂ ಬರೆಯಲಾಗದವರು ನೇರ ಬರಲಿ. ಜೊತೆಗೆ ಡೌಟನ್ನು ಕನ್ನಡದಲ್ಲಿ ಬರೀಬಹುದು ಅಂತ ಫಾರ್ಮ್‌ನಲ್ಲೇ ಸ್ಪಷ್ಟವಾಗಿ ಹಾಕಬೇಕು. ಡೌಟ್ ಒಂದು ಕಷ್ಟ, ಅದನ್ನು ಇಂಗ್ಲಿಷ್‌ನಲ್ಲಿ ಬರೆಯೋದು ಇನ್ನೊಂದು ಕಷ್ಟ. ನಮ್ಮ ಗೆಳೆಯ ಎರಡನೇ ಸಲ ಅಷ್ಟು ಸ್ಪಷ್ಟವಾಗಿ ಬರೆದದ್ದು ಕನ್ನಡದಲ್ಲಿ ಬರೆದದ್ದರಿಂದ. ಟೈಪ್ ಮಾಡೋಕಾಗದಿದ್ದರೆ ನೋಟ್‌ಬುಕ್ ಪುಟದ ಫೋಟೋ ಸಾಕು.

ಮೊದಲ ಮಾತಿಗೆ ನಮ್ಮ ಉತ್ತರ: ಬುಕಿಂಗ್ ಇಲ್ಲದ ಕಡೆ ಸರದಿ ಸಿಗೋದು ಧೈರ್ಯ ಇರೋರಿಗೆ, ಮತ್ತೆ ಸಂಜೆ ಕಾಲೇಜ್ ಬಸ್ ಹಿಡಿಯಬೇಕಿಲ್ಲದ ಹಾಸ್ಟೆಲ್‌ನವರಿಗೆ. ಬರೋಕಾಗುವ ಹೊತ್ತನ್ನು ಮೊದಲೇ ಕೇಳಿದ್ದರಿಂದ ಬಸ್ಸಿನವರಿಗೆ 3:30, 3:45 ಸಿಗುತ್ತೆ. ಹಿಂದಿನ ಎರಡು ವಾರ ಬಾರದವರ ಹೆಸರನ್ನು ಪಟ್ಟಿಯಲ್ಲಿ ಮೊದಲು ಹಾಕಿದರೆ ಹಿಂದಿನ ಬೆಂಚಿಗೂ ಪಾಲು ಬರುತ್ತೆ.

ನಮ್ಮ ಕಡೆಯಿಂದಲೂ ತಪ್ಪುಗಳಾಗಿವೆ, ಒಪ್ಪಿಕೊಳ್ತೀವಿ. ಬುಕ್ ಮಾಡಿ ಬಾರದೇ ಇರೋದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರೆ ಆ 15 ನಿಮಿಷ ಇನ್ನೊಬ್ಬರದ್ದು. ಬರೋಕಾಗಲ್ಲ ಅಂದ್ರೆ ಬುಧವಾರ ಮಧ್ಯಾಹ್ನ 12ರೊಳಗೆ ಸಿಆರ್‌ಗೆ ಹೇಳಿ. ಐದು ನಿಮಿಷ ಕಳೆದರೂ ಬಾರದವರ ಜಾಗ ಹೊರಗೆ ಕಾಯ್ತಿರೋರಿಗೆ ಹೋಗಲಿ. ಇಂಟರ್ನಲ್ಸ್ ಹಿಂದಿನ ವಾರ ಈ ಏರ್ಪಾಟು ತಾಳಲ್ಲ, ಎಲ್ಲರೂ ಒಟ್ಟಿಗೇ ನುಗ್ತಾರೆ. ಆ ಒಂದು ವಾರ ಸ್ಲಾಟ್ ಬಿಟ್ಟು, ಫಾರ್ಮ್‌ಗೆ ಬಂದ ಡೌಟ್‌ಗಳನ್ನು ಮಾಡ್ಯೂಲ್‌ವಾರು ಜೋಡಿಸಿ, ಅದೇ 90 ನಿಮಿಷ ಕ್ಲಾಸ್‌ರೂಮಿನಲ್ಲಿ ಎಲ್ಲರ ಮುಂದೆ ಬಿಡಿಸೋದು ವಾಸಿ.

ಸರ್, ಮೇಡಂಗಳಿಗೆ ನಮ್ಮ ಕೋರಿಕೆ ದೊಡ್ಡದಲ್ಲ. ಘೋಷಣೆ ಇಷ್ಟಿದ್ದರೆ ಸಾಕು:

“ಡೇಟಾ ಸ್ಟ್ರಕ್ಚರ್ಸ್ ಡೌಟ್ ಅವರ್: ಪ್ರತಿ ಬುಧವಾರ 3:30ರಿಂದ 5, ಸ್ಟಾಫ್ ರೂಮ್ ಪಕ್ಕದ ಟ್ಯುಟೋರಿಯಲ್ ಕೊಠಡಿ. ಫಾರ್ಮ್ ಸೋಮವಾರ ಬೆಳಿಗ್ಗೆ 9ಕ್ಕೆ ತೆರೆದು ಮಂಗಳವಾರ ರಾತ್ರಿ 8ಕ್ಕೆ ಮುಚ್ಚುತ್ತದೆ. ಬರೆಯಬೇಕಾದದ್ದು: ಯಾವ ಟಾಪಿಕ್, ಏನು ಮಾಡಿ ನೋಡಿದಿರಿ, ಏನು ಬರಬೇಕಿತ್ತು, ಏನು ಬಂತು, ಯಾವ ಹೊತ್ತಿಗೆ ಬರಬಲ್ಲಿರಿ. ಕನ್ನಡದಲ್ಲೂ ಬರೆಯಬಹುದು. 4:30ರ ನಂತರ ಬುಕಿಂಗ್ ಬೇಡ. ರಜೆ ಇದ್ದರೆ ಗುರುವಾರ ಅದೇ ಹೊತ್ತು.”

ಆ ಕೊನೆಯ ಸಾಲನ್ನು ಮರೀಬೇಡಿ. ಒಂದು ಬುಧವಾರ ಬೀಗ ಹಾಕಿದ ಬಾಗಿಲು ನೋಡಿ ಬಂದವನು ಮುಂದಿನ ಬುಧವಾರ ಬರೋದು ಅನುಮಾನ. ನಮ್ಮ ಗೆಳೆಯ ಅಂತೂ ಆಮೇಲೆ ಎರಡು ಸಲ ಹೋದ. ಮೂರನೇ ಸಲ ಹೊರಟವನು ಫಾರ್ಮ್ ತುಂಬುತ್ತಾ ತುಂಬುತ್ತಾ ಉತ್ತರ ತಾನೇ ಕಂಡುಕೊಂಡು ಸ್ಲಾಟ್ ಕ್ಯಾನ್ಸಲ್ ಮಾಡಿದ. ಮಧ್ಯಾಹ್ನ 12ರೊಳಗೇ.