ಉತ್ತರ ಬರದಿದ್ದರೆ ಒಪ್ಪಿಗೆಯೇ? ಆ ಮಾತು ನಿಮ್ಮ ಪತ್ರದಲ್ಲಿದ್ದರೆ ಸಾಲದು, ಕಾಯ್ದೆಯಲ್ಲಿರಬೇಕು

ಕಾಮಾಕ್ಷಿಪಾಳ್ಯ: ‘15 ದಿನದೊಳಗೆ ಉತ್ತರ ಬಾರದಿದ್ದಲ್ಲಿ ಅನುಮತಿ ದೊರೆತಿದೆ ಎಂದು ಭಾವಿಸಲಾಗುವುದು’. ಅರ್ಜಿಯ ಕೊನೆಯಲ್ಲಿ ಹೀಗೊಂದು ಸಾಲು ಬರೆದು ಸ್ವೀಕೃತಿ ಸೀಲು ಹಾಕಿಸಿಕೊಂಡರೆ ಕೆಲಸ ಆಯ್ತು ಅಂದ್ಕೊಳ್ಳೋರು ಇದ್ದಾರೆ. ಆದರೆ ಆ ಸಾಲು ಯಾವ ಕಚೇರಿಯನ್ನೂ ಕಟ್ಟಿಹಾಕಲ್ಲ. ಸುಮ್ಮನಿದ್ದರೆ ಒಪ್ಪಿಗೆ ಎಂದು ಕಾಯ್ದೆಯೇ ಹೇಳಿರಬೇಕು.

ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಒಂದು ನಿಕಲ್ ಪ್ಲೇಟಿಂಗ್ ಘಟಕ ಇದೆ ಅಂದ್ಕೊಳ್ಳಿ. ತೊಳೆದ ನೀರು ಹೊರಬಿಡಲು, ಆಸಿಡ್ ಹೊಗೆಯ ಚಿಮಣಿ ಇಡಲು ಮಾಲೀಕರು ಜನವರಿ 10ರಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕುತ್ತಾರೆ. ಮೇ 10 ದಾಟಿದರೂ ಉತ್ತರವಿಲ್ಲ.

ನೀರಿನ ವಿಷಯದಲ್ಲಿ ಮಾಲೀಕರ ಕೈ ಮೇಲು. 1974ರ ಜಲ ಕಾಯ್ದೆಯ ಸೆಕ್ಷನ್ 25(7)ರ ಪ್ರಕಾರ, ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿಗೆ ನಾಲ್ಕು ತಿಂಗಳಲ್ಲಿ ಹೌದು ಅಥವಾ ಇಲ್ಲ ಎನ್ನದಿದ್ದರೆ ಸಮ್ಮತಿ ಕೊಟ್ಟಂತೆಯೇ. ಇದನ್ನು ಮಂಡಳಿ ಒಪ್ಪಲೇಬೇಕು.

ಹೊಗೆಗೆ ಹಾಗಿಲ್ಲ. 1981ರ ವಾಯು ಕಾಯ್ದೆಯ ಸೆಕ್ಷನ್ 21(4)ರಲ್ಲೂ ನಾಲ್ಕು ತಿಂಗಳ ಗಡುವು ಇದೆ. ಆದರೆ ಗಡುವು ಮೀರಿದರೆ ಸಮ್ಮತಿ ಸಿಕ್ಕಂತೆ ಎಂಬ ಮಾತು ಅಲ್ಲಿಲ್ಲ. ದೆಹಲಿಯ ಬಡಾವಣೆ ನಕ್ಷೆಯೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಹೇಳಿದೆ: ಕಾಯ್ದೆ ಗಡುವು ಮಾತ್ರ ಕೊಟ್ಟು ಸುಮ್ಮನಾಗಿದ್ದರೆ, ತಡವಾಯಿತು ಎಂಬ ಕಾರಣಕ್ಕೆ ಮಂಜೂರಾತಿ ಸಿಕ್ಕಿತು ಅನ್ನೋ ಹಾಗಿಲ್ಲ. ಹಾಗಾಗಿ ಅದೇ ಮಂಡಳಿಯ ಅದೇ ಮೌನ ನೀರಿಗೆ ಒಪ್ಪಿಗೆ, ಹೊಗೆಗೆ ಬರೀ ವಿಳಂಬ.

ನೀರಿನ ವಿಷಯದಲ್ಲೂ ಜಗಳ ಹುಟ್ಟೋದು ‘ಪೂರ್ಣ’ ಎಂಬ ಪದದಲ್ಲಿ. ಫೆಬ್ರವರಿಯಲ್ಲಿ ಮಂಡಳಿ ಶುದ್ಧೀಕರಣ ಘಟಕದ ನಕ್ಷೆ ಕೇಳಿ, ಮಾಲೀಕರು ಮಾರ್ಚ್ 5ಕ್ಕೆ ಕೊಟ್ಟಿದ್ದರೆ, ಎಣಿಕೆ ಅಲ್ಲಿಂದಲೇ ಶುರು ಎಂದು ಮಂಡಳಿ ವಾದಿಸಬಹುದು. ಆಗ ಮೇ 10 ಹೋಗಿ ಜುಲೈ 5 ಆಗುತ್ತದೆ. ಅದಕ್ಕೇ ಶುಲ್ಕದ ರಸೀದಿ, ಅರ್ಜಿಯ ಸ್ವೀಕೃತಿ, ಕೇಳಿದ ದಾಖಲೆ ಕೊಟ್ಟ ದಿನದ ಪುರಾವೆ ಮೂರೂ ಜೋಪಾನವಾಗಿರಬೇಕು. ಇನ್ನೊಂದು ಮಾತು: ಹೀಗೆ ಸಿಕ್ಕ ಸಮ್ಮತಿ ವಿಷದ ನೀರನ್ನು ಚರಂಡಿಗೆ ಬಿಡಲು ಪರವಾನಗಿ ಅಲ್ಲ. ಮಂಡಳಿ ಅದನ್ನು ಮರುಪರಿಶೀಲಿಸಿ ಷರತ್ತು ಹಾಕಲೂಬಹುದು.

ಸಕಾಲದ ಗಡುವನ್ನೂ ಇದರ ಜೊತೆ ಬೆರೆಸಬೇಡಿ. ಅಲ್ಲಿ ತಡವಾದರೆ ಸಿಗೋದು ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಲೈಸೆನ್ಸ್ ತಾನಾಗೇ ಬರಲ್ಲ.

ಗಡುವು ಮುಗಿದ ಮೇಲೆ ಬರೆಯುವ ಪತ್ರದಲ್ಲಿ ‘ಭಾವಿಸಲಾಗುವುದು’ ಎನ್ನುವ ಬದಲು ಹೀಗೆ ಬರೆಯಿರಿ: ‘ಪೂರ್ಣ ಅರ್ಜಿ ಇಂಥ ದಿನ ತಲುಪಿದೆ, ನಾಲ್ಕು ತಿಂಗಳು ಇಂಥ ದಿನ ಮುಗಿದಿದೆ, ಸೆಕ್ಷನ್ 25(7)ರಂತೆ ಸಮ್ಮತಿ ದೊರೆತಿರುವುದನ್ನು ದಾಖಲಿಸಿ.’ ಸೆಕ್ಷನ್ ನಂಬರ್ ಬರೆಯಲು ಆಗದಿದ್ದರೆ, ಒಪ್ಪಿಗೆ ಸಿಕ್ಕಿದೆ ಎಂದು ಮೆಷಿನ್ ಚಾಲೂ ಮಾಡಬೇಡಿ.